ಮದುವೆಯಾದವರನ್ನಷ್ಟೇ ಎಣಿಸಿದಾಗ: ಪ್ರಥಮ ವಿವಾಹದ ಸರಾಸರಿ ವಯಸ್ಸಿನ ಲೆಕ್ಕದ ಒಂದು ಪ್ರಕರಣ ಅಧ್ಯಯನ

15ರಿಂದ 49 ವರ್ಷದವರೆಗಿನ 5,000 ಮಹಿಳೆಯರನ್ನು ಮಾತನಾಡಿಸಿದ ಒಂದು ಮಾದರಿ ಸಮೀಕ್ಷೆಯ ಕರಡು ವರದಿಯನ್ನು ಕಲ್ಪಿಸಿಕೊಳ್ಳೋಣ. ಮಹಿಳೆಯರ ಪ್ರಥಮ ವಿವಾಹದ ಸರಾಸರಿ ವಯಸ್ಸು 21.4 ವರ್ಷ ಎಂದು ಆ ವರದಿ ಹೇಳುತ್ತದೆ. ಅದೇ ಸಮೀಕ್ಷೆಯ ದತ್ತಾಂಶವನ್ನು ಕೈಗೆತ್ತಿಕೊಂಡ ಇನ್ನೊಬ್ಬ ಜನಸಂಖ್ಯಾಶಾಸ್ತ್ರಜ್ಞರಿಗೆ 23.2 ವರ್ಷ ಎಂಬ ಉತ್ತರ ಬರುತ್ತದೆ. ಇಬ್ಬರೂ ಕೂಡಿಸುವುದರಲ್ಲಾಗಲಿ ಭಾಗಿಸುವುದರಲ್ಲಾಗಲಿ ತಪ್ಪಿಲ್ಲ. ಆದರೂ ಸುಮಾರು ಎರಡು ವರ್ಷಗಳ ಅಂತರ ಉಳಿಯುತ್ತದೆ. ಈ ವಿಷಯದಲ್ಲಿ ಎರಡು ವರ್ಷವೆಂದರೆ ಬಹಳ ದೊಡ್ಡ ಅಂತರ, ಏಕೆಂದರೆ ವಿವಾಹದ ವಯಸ್ಸು ಒಂದು ವರ್ಷ ಮೇಲೇರಲು ಎಷ್ಟೋ ವರ್ಷಗಳೇ ಬೇಕಾಗುತ್ತವೆ. ಆ ಅಂತರ ಎಲ್ಲಿಂದ ಬಂತು, ಎರಡರಲ್ಲಿ ಯಾವುದನ್ನು ನಂಬಬೇಕು ಮತ್ತು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡಲಾಗಿದೆ. ಇಲ್ಲಿರುವ ಅಂಕಿಗಳು ಲೆಕ್ಕದ ದಾರಿ ಸ್ಪಷ್ಟವಾಗಲೆಂದು ನಾನೇ ಜೋಡಿಸಿದವು. ಅವು ಯಾವ ದೇಶದ, ಯಾವ ಸಮೀಕ್ಷೆಯ ಫಲಿತಾಂಶಗಳೂ ಅಲ್ಲ.

ದತ್ತಾಂಶ ಹೀಗಿದೆ.

| ವಯೋಗುಂಪು | ಮಹಿಳೆಯರು | ಒಮ್ಮೆಯಾದರೂ ಮದುವೆಯಾದವರು | ಎಂದೂ ಮದುವೆಯಾಗದವರು (ಶೇ.) |
|---|---|---|---|
| 15–19 | 1,000 | 120 | 88 |
| 20–24 | 900 | 432 | 52 |
| 25–29 | 850 | 680 | 20 |
| 30–34 | 750 | 690 | 8 |
| 35–39 | 600 | 570 | 5 |
| 40–44 | 500 | 480 | 4 |
| 45–49 | 400 | 388 | 3 |

ಒಟ್ಟು 5,000 ಮಹಿಳೆಯರಲ್ಲಿ 3,360 ಮಂದಿ ಒಮ್ಮೆಯಾದರೂ ಮದುವೆಯಾದವರು, ಉಳಿದ 1,640 ಮಂದಿ ಇನ್ನೂ ಆಗಿಲ್ಲದವರು. ವಿಧವೆಯರೂ ವಿಚ್ಛೇದಿತರೂ ಮೊದಲ ಸಾಲಿಗೇ ಸೇರುತ್ತಾರೆ, ಏಕೆಂದರೆ ಇಲ್ಲಿ ನಾವು ಕೇಳುತ್ತಿರುವುದು ಮೊದಲ ಮದುವೆ ನಡೆಯಿತೇ ಎಂದೇ ಹೊರತು ಅದು ಉಳಿದುಕೊಂಡಿತೇ ಎಂದಲ್ಲ.

ಕರಡು ವರದಿಯ ಅಂಕಿ ಹುಟ್ಟಿದ್ದು ಹೀಗೆ

ವರದಿ ಬರೆದವರು ಎಲ್ಲರಿಗೂ ಮೊದಲು ಹೊಳೆಯುವ ದಾರಿಯನ್ನೇ ಹಿಡಿದರು. ಮದುವೆಯಾದ ಪ್ರತಿಯೊಬ್ಬ ಮಹಿಳೆಯನ್ನು ‘ಮೊದಲ ಮದುವೆಯಾದಾಗ ನಿಮಗೆ ಎಷ್ಟು ವಯಸ್ಸಾಗಿತ್ತು’ ಎಂದು ಕೇಳಲಾಗಿತ್ತು. ಬಂದ 3,360 ಉತ್ತರಗಳನ್ನು ಕೂಡಿಸಿ 3,360ರಿಂದ ಭಾಗಿಸಿದಾಗ ಅವರಿಗೆ 21.4 ಸಿಕ್ಕಿತು.

ಇದರಲ್ಲಿ ಒಂದು ಸಣ್ಣ ತಪ್ಪು ಅಡಗಿದೆ. ಅದನ್ನು ಮೊದಲು ತೆಗೆದುಹಾಕಿದರೆ ದೊಡ್ಡ ತಪ್ಪು ಸರಿಯಾಗಿ ಕಾಣುತ್ತದೆ. ‘ಇಪ್ಪತ್ತೊಂದು’ ಎಂದು ಉತ್ತರಿಸಿದ ಮಹಿಳೆ ತನ್ನ ಪೂರ್ಣಗೊಂಡ ವಯಸ್ಸನ್ನು ಹೇಳುತ್ತಿದ್ದಾಳೆ. ಮದುವೆಯ ದಿನ ಆಕೆಗೆ 21 ವರ್ಷ ಒಂದು ವಾರವೂ ಆಗಿರಬಹುದು, 21 ವರ್ಷ 11 ತಿಂಗಳೂ ಆಗಿರಬಹುದು. ಸಾವಿರಾರು ಮಂದಿಯ ಮದುವೆಗಳು ಆ ಒಂದು ವರ್ಷದೊಳಗೆ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತವೆಯಾದ್ದರಿಂದ, ಪೂರ್ಣಗೊಂಡ ವಯಸ್ಸುಗಳ ಸರಾಸರಿಗೆ ಅರ್ಧ ವರ್ಷವನ್ನು ಸೇರಿಸಿದರೆ ಮಾತ್ರ ನಿಜವಾದ ಸರಾಸರಿ ದೊರೆಯುತ್ತದೆ. ಅಲ್ಲಿಗೆ 21.4 ಎಂಬುದು 21.9 ಆಗುತ್ತದೆ. ಡಿಎಚ್‌ಎಸ್ ಎಂಬ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆಯ ಮಾದರಿಯ ಸಮೀಕ್ಷೆಗಳ ಕಡತದಲ್ಲಿ ಈ ಉತ್ತರ `v511` ಎಂಬ ಹೆಸರಿನಲ್ಲಿ ಪೂರ್ಣಗೊಂಡ ವರ್ಷಗಳಲ್ಲೇ ಇರುತ್ತದೆ. ಅದನ್ನು ಹಾಗೆಯೇ ತೆಗೆದು ಸರಾಸರಿ ಮಾಡಿದವರೆಲ್ಲರೂ ಈ ಅರ್ಧ ವರ್ಷವನ್ನು ಕಳೆದುಕೊಳ್ಳುತ್ತಾರೆ.

ಇಷ್ಟು ಸರಿಪಡಿಸಿದ ಮೇಲೂ 21.9 ಮತ್ತು 23.2ರ ನಡುವೆ 1.3 ವರ್ಷ ಉಳಿಯಿತು. ಪ್ರಕರಣದ ತಿರುಳು ಇರುವುದು ಇಲ್ಲಿಯೇ.

20–24ರ ಗುಂಪನ್ನು ಮಾತ್ರ ನೋಡೋಣ. ಅದರಲ್ಲಿ 900 ಮಹಿಳೆಯರಿದ್ದಾರೆ. ಮದುವೆಯಾದವರು 432 ಮಂದಿ, ಅವರ ವಿವಾಹದ ಸರಾಸರಿ ವಯಸ್ಸು 19.2 ವರ್ಷ. ಇನ್ನುಳಿದ 468 ಮಂದಿಯಲ್ಲಿ ಬಹುತೇಕರು ಮುಂದೆ ಮದುವೆಯಾಗುವವರೇ. ಆದರೆ ಅವರಲ್ಲಿ ಒಬ್ಬರೂ 20ಕ್ಕಿಂತ ಕಡಿಮೆ ವಯಸ್ಸಿನಲ್ಲಿ ಮದುವೆಯಾಗಲು ಇನ್ನು ಸಾಧ್ಯವಿಲ್ಲ, ಅನೇಕರು 25 ದಾಟಿದ ಮೇಲೆ ಆಗುತ್ತಾರೆ. ಅವರ ಉತ್ತರ ಇನ್ನೂ ಹುಟ್ಟಿಯೇ ಇಲ್ಲವಾದ್ದರಿಂದ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಹೀಗೆ ಸಮೀಕ್ಷೆಯ ದಿನವು ಒಂದು ಕತ್ತರಿಯಂತೆ ವರ್ತಿಸಿ, ಪ್ರತಿ ಕಿರಿಯ ಗುಂಪಿನಿಂದಲೂ ತಡವಾದ ಮದುವೆಗಳನ್ನೇ ಆರಿಸಿ ಕತ್ತರಿಸಿಹಾಕುತ್ತದೆ, ಬೇಗನೆ ಆದ ಮದುವೆಗಳನ್ನು ಮಾತ್ರ ಉಳಿಸುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಯಾರನ್ನೂ ಬಿಟ್ಟಿಲ್ಲ, ಆದರೂ ಸರಾಸರಿ ಕೆಳಗೆ ಜಾರಿರುತ್ತದೆ.

ಈ ಜಾರುವಿಕೆಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಮದುವೆಯಾದವರ ಸರಾಸರಿಯನ್ನು ಅವರ ಈಗಿನ ವಯಸ್ಸಿಗೆ ತಕ್ಕಂತೆ ಬೇರೆ ಬೇರೆಯಾಗಿ ಬರೆದರೆ ಸಾಕು. ನಮ್ಮ ದತ್ತಾಂಶದಲ್ಲಿ 15–19ರವರ ಸರಾಸರಿ 16.3, 20–24ರವರದು 19.2, 30–34ರವರದು 22.5, 45–49ರವರದು 23.3. ಮೆಟ್ಟಿಲಿನಂತೆ ಏರುತ್ತಾ ಹೋಗಿ ಕೊನೆಯಲ್ಲಿ ಅದು ನಿಧಾನವಾಗುತ್ತದೆ. ಎಚ್ಚರವಿಲ್ಲದ ಓದುಗರು ಇದನ್ನು ನೋಡಿ ‘ಹಿರಿಯರು 23ರ ಸುಮಾರಿಗೆ ಮದುವೆಯಾಗುತ್ತಿದ್ದರು, ಈಗಿನವರು 19ಕ್ಕೇ ಆಗುತ್ತಿದ್ದಾರೆ, ವಿವಾಹದ ವಯಸ್ಸು ಇಳಿಯುತ್ತಿದೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಈ ಅಂಕಿಗಳನ್ನು ಜೋಡಿಸುವಾಗ ನಾನು ಎಲ್ಲ ತಲೆಮಾರುಗಳೂ ಒಂದೇ ರೀತಿಯಲ್ಲಿ, ಒಂದೇ ವಯಸ್ಸುಗಳಲ್ಲಿ ಮದುವೆಯಾಗುತ್ತವೆ ಎಂದೇ ಇಟ್ಟುಕೊಂಡಿದ್ದೆ. ಇಳಿಕೆ ಎಳ್ಳಷ್ಟೂ ಇಲ್ಲ. ಕತ್ತರಿ ಯಾವ ಗುಂಪಿನ ಮೇಲೆ ಎಷ್ಟು ಹತ್ತಿರದಿಂದ ಬಿತ್ತು ಎಂಬುದೊಂದೇ ಆ ಮೆಟ್ಟಿಲುಗಳ ಕಾರಣ. ಒಂದು ತಪ್ಪು ಅಂಕಿಗಿಂತ, ಸಮಾಜವು ಯಾವ ದಿಕ್ಕಿಗೆ ನಡೆಯುತ್ತಿದೆ ಎಂಬುದನ್ನೇ ತಲೆಕೆಳಗಾಗಿಸುವ ಇಂಥ ಓದು ಹೆಚ್ಚು ಅಪಾಯಕಾರಿ ಎಂದು ನಾನು ಭಾವಿಸುತ್ತೇನೆ.

ಹಾಗಾದರೆ 45–49ರವರ 23.3ನ್ನೇ ಉತ್ತರವಾಗಿ ಇಟ್ಟುಕೊಳ್ಳಬಾರದೇ? ಅವರ ಮಟ್ಟಿಗೆ ಮೊದಲ ಮದುವೆಯ ಕಥೆ ಬಹುತೇಕ ಮುಗಿದಿದೆ, ಕತ್ತರಿಯ ಕಾಟವಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಮದುವೆಯಾದದ್ದು 20ರಿಂದ 30 ವರ್ಷಗಳ ಹಿಂದೆ. ಅಷ್ಟು ಹಿಂದಿನ ಘಟನೆಯ ವರ್ಷವನ್ನು ನೆನಪಿನಿಂದ ಹೇಳುವಾಗ ತಪ್ಪುಗಳೂ ಹೆಚ್ಚುತ್ತವೆ. ಅದು ಸರಿಯಾದ ಅಂಕಿಯೇ ಆದರೂ ಹಳೆಯ ಕಾಲದ ಅಂಕಿ.

ವಯಸ್ಸನ್ನು ಕೇಳದೆಯೇ ವಯಸ್ಸನ್ನು ತಿಳಿಯುವ ದಾರಿ

1953ರಲ್ಲಿ ಜನಸಂಖ್ಯಾಶಾಸ್ತ್ರಜ್ಞ ಜಾನ್ ಹಾಜ್ನಲ್ ಅವರು ‘ಪಾಪ್ಯುಲೇಷನ್ ಸ್ಟಡೀಸ್’ ಪತ್ರಿಕೆಯಲ್ಲಿ ಮುಂದಿಟ್ಟ ವಿಧಾನ ಈ ತೊಡಕನ್ನು ಬೇರೊಂದು ಕಡೆಯಿಂದ ಬಿಡಿಸುತ್ತದೆ. ಮದುವೆ ಯಾವಾಗ ಆಯಿತು ಎಂದು ಅವರು ಯಾರನ್ನೂ ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಎರಡೇ ಸಂಗತಿಗಳು: ವ್ಯಕ್ತಿಯ ಈಗಿನ ವಯಸ್ಸು ಮತ್ತು ಆಕೆ ಎಂದಾದರೂ ಮದುವೆಯಾಗಿದ್ದಾಳೆಯೇ ಎಂಬುದು. ಈ ಅಳತೆಗೆ ಅವರು ಕೊಟ್ಟ ಹೆಸರು ‘ಸಿಂಗುಲೇಟ್ ಮೀನ್ ಏಜ್ ಅಟ್ ಮ್ಯಾರೇಜ್’. ಬಳಕೆಯಲ್ಲಿ ಅದು ಎಸ್‌ಎಂಎಎಂ ಎಂದಾಗಿದೆ. ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗವು ಜಗತ್ತಿನ ದೇಶಗಳ ವಿವಾಹ ದತ್ತಾಂಶವನ್ನು ಒಟ್ಟುಗೂಡಿಸುವಾಗ ಪ್ರಕಟಿಸುವುದೂ ಇದನ್ನೇ. ಜನಗಣತಿಯಲ್ಲಿ ವಿವಾಹದ ವಯಸ್ಸನ್ನು ಕೇಳದ ಕಡೆಯಲ್ಲೂ ವಯಸ್ಸು ಮತ್ತು ವೈವಾಹಿಕ ಸ್ಥಿತಿಯನ್ನು ಸಾಮಾನ್ಯವಾಗಿ ಕೇಳಿರುತ್ತಾರೆ ಎಂಬುದೇ ಈ ವಿಧಾನದ ದೊಡ್ಡ ಅನುಕೂಲ.

ಅದರ ತರ್ಕವನ್ನು ಸೂತ್ರಕ್ಕಿಂತ ಮೊದಲು ಮಾತಿನಲ್ಲಿ ಹೇಳುವುದು ಲೇಸು. ಮದುವೆಯ ವಯಸ್ಸು ಎಂದರೆ ಮತ್ತೇನಲ್ಲ, ಮದುವೆಯಾಗದೆ ಬದುಕಿದ ವರ್ಷಗಳು. 23ಕ್ಕೆ ಮದುವೆಯಾದವಳು 23 ವರ್ಷ ಅವಿವಾಹಿತೆಯಾಗಿ ಬದುಕಿದ್ದಾಳೆ. ಆದ್ದರಿಂದ ಒಂದು ತಂಡದವರೆಲ್ಲರೂ ಸೇರಿ ಅವಿವಾಹಿತರಾಗಿ ಕಳೆದ ವರ್ಷಗಳನ್ನು ಎಣಿಸಿ, ಮದುವೆಯಾದವರಿಗೆ ಹಂಚಿದರೆ ಸರಾಸರಿ ವಯಸ್ಸು ತಾನಾಗಿ ಬರುತ್ತದೆ.

ಈಗ 100 ಮಹಿಳೆಯರ ಒಂದು ತಂಡ ನಮ್ಮ ಪಟ್ಟಿಯ ಶೇಕಡಾವಾರು ಅಂಕಿಗಳಂತೆಯೇ ಬದುಕನ್ನು ಸಾಗಿಸುತ್ತದೆ ಎಂದುಕೊಳ್ಳೋಣ. 15 ತುಂಬುವ ಮೊದಲು ಯಾರೂ ಮದುವೆಯಾಗುವುದಿಲ್ಲ ಎಂದು ಇಟ್ಟುಕೊಂಡರೆ, ಅಲ್ಲಿಯವರೆಗೆ ನೂರು ಮಂದಿಯೂ ತಲಾ 15 ವರ್ಷ ಅವಿವಾಹಿತರಾಗಿಯೇ ಇರುತ್ತಾರೆ. ಅದು 1,500 ವರ್ಷ. 15ರಿಂದ 20ರ ನಡುವಣ ಐದು ವರ್ಷಗಳಲ್ಲಿ ಸರಾಸರಿ 88 ಮಂದಿ ಅವಿವಾಹಿತರು, ಆದ್ದರಿಂದ ಆ ಅವಧಿಯಲ್ಲಿ 88ರ ಐದು ಪಟ್ಟು, ಅಂದರೆ 440 ವರ್ಷ. ಮುಂದಿನ ಐದು ವರ್ಷಗಳಲ್ಲಿ 52ರ ಐದು ಪಟ್ಟು, ಅಂದರೆ 260. ಹೀಗೆ 50ರವರೆಗೆ ಸಾಗಿದರೆ 88, 52, 20, 8, 5, 4 ಮತ್ತು 3 ಸೇರಿ 180, ಅದರ ಐದು ಪಟ್ಟು 900 ವರ್ಷ. ಮೊದಲಿನ 1,500ನ್ನು ಕೂಡಿಸಿದರೆ 2,400.

ಆದರೆ ಈ 2,400 ವರ್ಷಗಳು ಮದುವೆಯಾದವರವು ಮಾತ್ರವಲ್ಲ. 50 ತುಂಬಿದಾಗಲೂ ಮೂವರು ಮದುವೆಯಾಗಿರಲಿಲ್ಲ, ಅವರು ತಲಾ 50 ವರ್ಷದಂತೆ 150 ವರ್ಷಗಳನ್ನು ಈ ಮೊತ್ತಕ್ಕೆ ಸೇರಿಸಿದ್ದಾರೆ. ಮದುವೆಯ ವಯಸ್ಸೇ ಇಲ್ಲದವರ ವರ್ಷಗಳನ್ನು ಮದುವೆಯಾದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನ್ನು ಕಳೆದರೆ 2,250 ಉಳಿಯುತ್ತದೆ. ಅದನ್ನು ಮದುವೆಯಾದ 97 ಮಂದಿಗೆ ಹಂಚಿದರೆ 23.2 ವರ್ಷ. ಎರಡನೆಯ ಲೆಕ್ಕಗಾರರ ಅಂಕಿ ಬಂದದ್ದು ಹೀಗೆ. ಇದನ್ನೇ ಸೂತ್ರವಾಗಿ ಬರೆದರೆ:

```
SMAM = (1500 + 5 × ΣS − 50 × S50) / (100 − S50)
     = (1500 + 900 − 150) / 97
     = 23.2
```

ಇಲ್ಲಿ `ΣS` ಎಂದರೆ ಏಳು ವಯೋಗುಂಪುಗಳ ಅವಿವಾಹಿತ ಶೇಕಡಾಗಳ ಮೊತ್ತ, `S50` ಎಂದರೆ 50 ತುಂಬುವ ಹೊತ್ತಿಗೆ ಮದುವೆಯಾಗದೆ ಉಳಿದವರ ಶೇಕಡಾ. ಮೊದಲ ವಿಧಾನದಲ್ಲಿ ಸೇರಿಸಬೇಕಾಗಿದ್ದ ಅರ್ಧ ವರ್ಷವನ್ನು ಇಲ್ಲಿ ಸೇರಿಸಬೇಕಿಲ್ಲ. ಶೇಕಡಾ 88 ಎಂಬುದು 15ರ ಹೊಸ್ತಿಲಿನಿಂದ 20ರ ಹೊಸ್ತಿಲಿನವರೆಗಿನ ಇಡೀ ಅವಧಿಯ ಸರಾಸರಿಯಾಗಿರುವುದರಿಂದ, ವಯಸ್ಸಿನ ಒಡಕುಗಳು ಅದರೊಳಗೇ ಸೇರಿಹೋಗಿವೆ.

ಎರಡೂ ವಿಧಾನಗಳ ವ್ಯತ್ಯಾಸ ಈಗ ಸ್ಪಷ್ಟವಾಗುತ್ತದೆ. ಕರಡು ವರದಿ 1,640 ಅವಿವಾಹಿತರನ್ನು ಲೆಕ್ಕದಿಂದ ಹೊರಗಿಟ್ಟಿತು. ಹಾಜ್ನಲ್ ವಿಧಾನಕ್ಕೆ ಅವರೇ ಆಧಾರ. ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಇನ್ನೂ ಕಾಯುತ್ತಿದ್ದಾರೆ ಎಂಬುದರಿಂದಲೇ ಅದು ಕಾಯುವಿಕೆಯ ಉದ್ದವನ್ನು ಅಳೆಯುತ್ತದೆ.

ಲೆಕ್ಕ ಎಲ್ಲಿ ಹಳಿ ತಪ್ಪುತ್ತದೆ

ಸೂತ್ರ ಸರಳವಾಗಿದೆಯೆಂದು ಅದಕ್ಕೆ ಯಾವ ಅಂಕಿಯನ್ನು ಬೇಕಾದರೂ ಉಣಿಸಲಾಗದು. ಮೊದಲ ಎಚ್ಚರಿಕೆ ಮಾದರಿಯ ಕುರಿತಾದದ್ದು. ಕೆಲವು ಸಮೀಕ್ಷೆಗಳು ದೀರ್ಘ ಪ್ರಶ್ನಾವಳಿಯನ್ನು ಒಮ್ಮೆಯಾದರೂ ಮದುವೆಯಾದ ಮಹಿಳೆಯರಿಗೆ ಮಾತ್ರ ಕೊಡುತ್ತವೆ. ಅಂಥ ಸಮೀಕ್ಷೆಯ ಮಹಿಳೆಯರ ಕಡತವನ್ನು ತೆರೆದು ಈ ಸೂತ್ರವನ್ನು ಹಚ್ಚಿದರೆ ಎಲ್ಲ ಗುಂಪುಗಳಲ್ಲೂ ಅವಿವಾಹಿತರ ಶೇಕಡಾ ಸೊನ್ನೆಯಾಗಿ, ಉತ್ತರ ಕರಾರುವಾಕ್ಕಾಗಿ 15.0 ಎಂದು ಬರುತ್ತದೆ. ಹಾಗೆ ಬಂದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಶ್ರಮವೂ ಬೇಡ. ಆಗ ಅವಿವಾಹಿತರ ಸಂಖ್ಯೆಯನ್ನು ಅದೇ ಸಮೀಕ್ಷೆಯ ಮನೆ ಸದಸ್ಯರ ಪಟ್ಟಿಯಿಂದ ತರಬೇಕು. ಆ ಪಟ್ಟಿಯಲ್ಲಿ ಮನೆಯ ಎಲ್ಲರ ವಯಸ್ಸೂ ವೈವಾಹಿಕ ಸ್ಥಿತಿಯೂ ಇರುತ್ತದೆ. ಅದರಲ್ಲಿ ಇನ್ನೊಂದು ಲಾಭವೂ ಇದೆ. `S50` ಅನ್ನು ಸಾಮಾನ್ಯವಾಗಿ 45–49 ಮತ್ತು 50–54ರ ಗುಂಪುಗಳ ಶೇಕಡಾಗಳ ಸರಾಸರಿಯಾಗಿ ತೆಗೆದುಕೊಳ್ಳುತ್ತಾರೆ. 49ಕ್ಕೇ ನಿಲ್ಲುವ ಮಹಿಳೆಯರ ಕಡತದಲ್ಲಿ ಎರಡನೆಯ ಗುಂಪು ಸಿಗುವುದಿಲ್ಲ, ಮನೆಯ ಪಟ್ಟಿಯಲ್ಲಿ ಸಿಗುತ್ತದೆ. ನಮ್ಮ ಪ್ರಕರಣದಲ್ಲಿ ಅದು ಇಲ್ಲದ ಕಾರಣ 45–49ರ ಶೇಕಡಾ 3ನ್ನೇ ಬಳಸಲಾಯಿತು.

ಆ ‘3’ ಎಂಬ ಅಂಕಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇಡೀ ಲೆಕ್ಕದಲ್ಲಿ ಅದು ಅತ್ಯಂತ ಚಿಕ್ಕ ಗುಂಪಿನಿಂದ ಬಂದು ಮೂರು ಕಡೆ ಕೈಯಾಡಿಸುತ್ತದೆ: ಮೇಲೆ ಕೂಡಿಸುವಲ್ಲಿ ಮತ್ತು ಕಳೆಯುವಲ್ಲಿ, ಕೆಳಗೆ ಭಾಗಿಸುವಲ್ಲಿ. 400 ಮಂದಿಯಲ್ಲಿ 12 ಮಂದಿ ಎಂದರೆ ಶೇಕಡಾ 3. ಸರಳ ಯಾದೃಚ್ಛಿಕ ಮಾದರಿ ಎಂದು ಇಟ್ಟುಕೊಂಡರೂ ಇದರ ಪ್ರಮಾಣ ದೋಷ ಸುಮಾರು 0.85, ಆದ್ದರಿಂದ ನಿಜವಾದ ಅಂಕಿ 1.3ರಿಂದ 4.7ರವರೆಗೆ ಎಲ್ಲಿಯಾದರೂ ಇರಬಹುದು. ಬೇರೇನನ್ನೂ ಬದಲಿಸದೆ ಆ ಮೂರೂ ಕಡೆ 4.7 ಎಂದು ಹಾಕಿದರೆ ಸರಾಸರಿ 22.8ಕ್ಕೆ ಇಳಿಯುತ್ತದೆ, 1.3 ಎಂದು ಹಾಕಿದರೆ 23.6ಕ್ಕೆ ಏರುತ್ತದೆ. ಮದುವೆಯಾಗದೆ ಉಳಿದವರು ಹೆಚ್ಚಾದರೆ ಸರಾಸರಿ ಇಳಿಯುವುದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಕಾರಣ ಇಷ್ಟೆ: ಕಿರಿಯ ಗುಂಪುಗಳಲ್ಲಿ ಕಂಡ ಅವಿವಾಹಿತ ವರ್ಷಗಳಲ್ಲಿ ಇನ್ನಷ್ಟು ಪಾಲು ಎಂದೂ ಮದುವೆಯಾಗದವರಿಗೆ ಸೇರಿದ್ದು ಎಂದು ಆಗ ತಿಳಿಯುತ್ತದೆ, ಮದುವೆಯಾಗುವವರ ಪಾಲಿಗೆ ಕಡಿಮೆ ಉಳಿಯುತ್ತದೆ. ನಿಜವಾದ ಸಮೀಕ್ಷೆಗಳಲ್ಲಿ ಮಾದರಿಯನ್ನು ಊರು ಅಥವಾ ಬಡಾವಣೆಗಳ ಗುಚ್ಛಗಳಾಗಿ ಆರಿಸುವುದರಿಂದ ಈ ಅನಿಶ್ಚಿತತೆ ಸಾಮಾನ್ಯವಾಗಿ ಇನ್ನೂ ಹಿಗ್ಗುತ್ತದೆ. ಹೀಗಿರುವಾಗ ಎರಡು ಸಮೀಕ್ಷೆಗಳ ನಡುವೆ 0.2 ವರ್ಷದ ಏರಿಕೆ ಕಂಡಿತೆಂದು ಅದನ್ನು ಸಾಮಾಜಿಕ ಬದಲಾವಣೆ ಎಂದು ಘೋಷಿಸುವುದನ್ನು ನಾನು ಒಪ್ಪಲಾರೆ.

ಶೇಕಡಾಗಳನ್ನು ಮಾದರಿಯ ತೂಕಗಳನ್ನು ಬಳಸಿಯೇ ತೆಗೆಯಬೇಕು ಎಂಬುದು ತಿಳಿದ ಮಾತೇ. ತಡವಾಗಿ ಮದುವೆಯಾಗುವ ಪ್ರದೇಶವೊಂದರಿಂದ ಹೆಚ್ಚು ಮಂದಿಯನ್ನು ಬೇಕೆಂದೇ ಆರಿಸಿದ್ದರೆ, ತಲೆ ಎಣಿಸಿ ತೆಗೆದ ಶೇಕಡಾ ಇಡೀ ದೇಶವನ್ನು ಆ ಪ್ರದೇಶದತ್ತ ಎಳೆದಿರುತ್ತದೆ.

ಅದಕ್ಕಿಂತ ಹಿಡಿಯಲು ಕಷ್ಟವಾದದ್ದು ವಯಸ್ಸಿನ ತಪ್ಪು. ಹುಟ್ಟಿದ ದಿನದ ದಾಖಲೆ ಇಲ್ಲದ ಕಡೆ ಸಂದರ್ಶಕರು ವಯಸ್ಸನ್ನು ಅಂದಾಜು ಮಾಡುತ್ತಾರೆ. ಹಾಗೆ ಅಂದಾಜಿಸುವಾಗ ಎದುರಿಗಿರುವವಳು ಮದುವೆಯಾದವಳು, ಮಗುವಿನ ತಾಯಿ ಎಂಬುದು ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ. 18ರ ವಿವಾಹಿತೆ 20 ಎಂದು, 21ರ ಅವಿವಾಹಿತೆ 19 ಎಂದು ದಾಖಲಾದರೆ, 15–19ರಲ್ಲಿ ಅವಿವಾಹಿತರು ಇರುವುದಕ್ಕಿಂತ ಹೆಚ್ಚಾಗಿಯೂ 20–24ರಲ್ಲಿ ಕಡಿಮೆಯಾಗಿಯೂ ಕಾಣುತ್ತಾರೆ. ನಾವು ಅಳೆಯಹೊರಟ ಸಂಗತಿಯೇ ಅಳತೆಗೋಲನ್ನು ಬಾಗಿಸಿದಂತೆ ಇದು. ಎರಡು ಗುಂಪುಗಳ ತಪ್ಪುಗಳು ಮೊತ್ತದಲ್ಲಿ ಸ್ವಲ್ಪ ಮಟ್ಟಿಗೆ ಒಂದನ್ನೊಂದು ಅಳಿಸಿಹಾಕುವುದರಿಂದ ಅಂತಿಮ ಸರಾಸರಿಗೆ ಬೀಳುವ ಪೆಟ್ಟು ಕಡಿಮೆ. ಆದರೆ 15–19ರ ಶೇಕಡಾವನ್ನು ಪ್ರತ್ಯೇಕವಾಗಿ ಎತ್ತಿಕೊಂಡು ಬಾಲ್ಯವಿವಾಹದ ಬಗ್ಗೆ ಮಾತನಾಡುವವರು ಇದನ್ನು ಮರೆಯಬಾರದು. ಹಾಗೆಯೇ 15 ತುಂಬುವ ಮೊದಲೇ ಗಣನೀಯ ಸಂಖ್ಯೆಯಲ್ಲಿ ಮದುವೆಗಳು ನಡೆಯುವ ಸಮಾಜದಲ್ಲಿ ಸೂತ್ರದ ಆ 1,500 ಎಂಬ ಮೊದಲ ಅಂಕಿಯೇ ಸುಳ್ಳಾಗುತ್ತದೆ. ಅಲ್ಲಿ ಲೆಕ್ಕವನ್ನು 10ನೆಯ ವಯಸ್ಸಿನಿಂದ ಆರಂಭಿಸಿ, 10–14ರ ಗುಂಪನ್ನೂ ಸೇರಿಸಿಕೊಳ್ಳಬೇಕು.

ಹತ್ತು ವರ್ಷಗಳ ನಂತರ

ಇಲ್ಲಿಯವರೆಗಿನ ಲೆಕ್ಕದಲ್ಲಿ ಒಂದು ದೊಡ್ಡ ಊಹೆ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ‘100 ಮಹಿಳೆಯರ ತಂಡ’ ಎಂದು ನಾವು ಕರೆದದ್ದು ನಿಜವಾದ ತಂಡವಲ್ಲ. ಶೇಕಡಾ 88 ಇಂದಿನ ಹದಿಹರೆಯದವರಿಂದ ಬಂತು, ಶೇಕಡಾ 3 ಅವರ ತಾಯಂದಿರ ವಯಸ್ಸಿನವರಿಂದ ಬಂತು. ಬೇರೆ ಬೇರೆ ತಲೆಮಾರುಗಳ ತುಂಡುಗಳನ್ನು ಹೊಲಿದು ಒಂದೇ ಬದುಕಿನ ಬಟ್ಟೆ ಮಾಡಿದ್ದೇವೆ. ವಿವಾಹದ ರೀತಿ ಬದಲಾಗದಿದ್ದರೆ ಹೊಲಿಗೆ ಕಾಣದು. ನಾನು ಜೋಡಿಸಿದ ಮೊದಲ ಪಟ್ಟಿಯಲ್ಲಿ 45–49ರವರ ಸ್ವಂತ ಉತ್ತರಗಳ ಸರಾಸರಿ 23.3 ಮತ್ತು ಹಾಜ್ನಲ್ ಸರಾಸರಿ 23.2 ಹತ್ತಿರಹತ್ತಿರ ಬಂದದ್ದು ಆ ಕಾರಣದಿಂದಲೇ.

ಈಗ ಅದೇ ಜನರ ನಡುವೆ ಹತ್ತು ವರ್ಷಗಳ ನಂತರ ಇನ್ನೊಂದು ಸಮೀಕ್ಷೆ ನಡೆಯಿತು, ಈ ನಡುವೆ ಮದುವೆಗಳು ತಡವಾಗತೊಡಗಿದ್ದವು ಎಂದುಕೊಳ್ಳೋಣ. 15–19ರಿಂದ ಆರಂಭಿಸಿ ಅವಿವಾಹಿತರ ಶೇಕಡಾ ಕ್ರಮವಾಗಿ 93, 64, 29, 12, 6, 4 ಮತ್ತು 3. ಮೊತ್ತ 211. ಸೂತ್ರಕ್ಕೆ ಹಾಕಿದರೆ 24.8 ವರ್ಷ. ಹತ್ತು ವರ್ಷಗಳಲ್ಲಿ 1.6 ವರ್ಷದ ಏರಿಕೆ.

ಲೆಕ್ಕಕ್ಕೆ ಮುನ್ನ ಒಂದು ಪರೀಕ್ಷೆ ಕಡ್ಡಾಯ. ಮೊದಲ ಸಮೀಕ್ಷೆಯಲ್ಲಿ 35–39 ಇದ್ದವರೇ ಈಗ 45–49ರಲ್ಲಿದ್ದಾರೆ. ಆಗ ಅವರಲ್ಲಿ ಶೇಕಡಾ 5 ಅವಿವಾಹಿತರಿದ್ದರು, ಈಗ ಶೇಕಡಾ 3. ಇದು ಸರಿ. ಒಮ್ಮೆ ಮದುವೆಯಾದವರು ಮತ್ತೆ ‘ಎಂದೂ ಮದುವೆಯಾಗದವರು’ ಆಗಲಾರರಾದ್ದರಿಂದ, ಒಂದೇ ಕಾಲದಲ್ಲಿ ಹುಟ್ಟಿದವರ ತಂಡದಲ್ಲಿ ಈ ಶೇಕಡಾ ಇಳಿಯಬಹುದು ಅಥವಾ ಹಾಗೆಯೇ ನಿಲ್ಲಬಹುದು, ಏರಲಾರದು. 5 ಇದ್ದದ್ದು 7 ಎಂದು ಕಂಡಿದ್ದರೆ, ಮಾದರಿಯ ಏರಿಳಿತದ ಆಚೆಗೆ, ಅಲ್ಪಕಾಲದ ಮದುವೆಯನ್ನು ಕೆಲವರು ಹೇಳದೆ ಬಿಟ್ಟಿದ್ದಾರೆಯೇ, ವಯಸ್ಸು ಸರಿದಿದೆಯೇ, ವಿವಾಹಿತರು ಹೆಚ್ಚಾಗಿ ವಲಸೆ ಹೋಗಿದ್ದಾರೆಯೇ ಎಂದು ಹುಡುಕಬೇಕಾಗುತ್ತಿತ್ತು. ನಮ್ಮ ಅಂಕಿಗಳಲ್ಲಿ ಎಲ್ಲ ತಂಡಗಳೂ ಇಳಿದಿವೆ.

ಎರಡು ಸಮೀಕ್ಷೆಗಳಿರುವಾಗ, ಆ ಹತ್ತು ವರ್ಷಗಳಲ್ಲಿ ನಿಜವಾಗಿ ನಡೆದ ಮದುವೆಗಳಿಂದಲೇ ಹೊಸ ತಂಡವನ್ನು ಕಟ್ಟಬಹುದು. ಮೊದಲ ಸಮೀಕ್ಷೆಯಲ್ಲಿ 15–19 ಇದ್ದಾಗ 88 ಇದ್ದ ಅವಿವಾಹಿತರು 25–29 ತಲುಪಿದಾಗ 29 ಆದರು. ಅಂದರೆ ಈ ದಶಕದಲ್ಲಿ ಆ ವಯಸ್ಸನ್ನು ದಾಟಿದವರಲ್ಲಿ ಅವಿವಾಹಿತರಾಗಿ ಉಳಿದ ಪಾಲು 88ರಲ್ಲಿ 29. ಇಂದಿನ 93ಕ್ಕೆ ಇದೇ ಪಾಲನ್ನು ಹಚ್ಚಿದರೆ, ಈ ದಶಕದ ರೀತಿಯಲ್ಲೇ ಬದುಕುವ ತಂಡದಲ್ಲಿ 25–29ರ ಹೊತ್ತಿಗೆ ಸುಮಾರು 30.6 ಮಂದಿ ಅವಿವಾಹಿತರಿರುತ್ತಾರೆ. 20–24ರ 64ಕ್ಕೆ 52ರಲ್ಲಿ 12 ಎಂಬ ಪಾಲನ್ನು ಹಚ್ಚಿದರೆ 30–34ರಲ್ಲಿ 14.8. ಇದೇ ರೀತಿ ಮುಂದುವರಿದರೆ 35–39ರಲ್ಲಿ 9.2, 40–44ರಲ್ಲಿ 7.4, 45–49ರಲ್ಲಿ 5.5.

ಈ ಹೊಸ ಸಾಲನ್ನು ಹಾಜ್ನಲ್ ಸೂತ್ರಕ್ಕೆ ಹಾಕಿದಾಗ ಬರುವ ಸರಾಸರಿ 24.8 ವರ್ಷವೇ. ಇಷ್ಟೆಲ್ಲ ಶ್ರಮಪಟ್ಟು ಅದೇ ಅಂಕಿಗೆ ಬಂದೆವಲ್ಲ ಎನಿಸಬಹುದು. ಆದರೆ ಮತ್ತೊಂದು ಅಂಕಿಯನ್ನು ನೋಡಿ. ಒಂದೇ ಸಮೀಕ್ಷೆಯನ್ನು ಓದಿದಾಗ ಎಂದೂ ಮದುವೆಯಾಗದೆ ಉಳಿಯುವವರು ಶೇಕಡಾ 3 ಎಂದಿತ್ತು. ಈ ದಶಕದ ರೀತಿಯೇ ಮುಂದುವರಿದರೆ ಅದು 5.5 ಆಗುತ್ತದೆ. ಅವಿವಾಹಿತ ವರ್ಷಗಳ ಮೊತ್ತ ಹೆಚ್ಚಾಯಿತು, ಅದರ ಜೊತೆಗೆ ಎಂದೂ ಮದುವೆಯಾಗದವರ ಪಾಲಿಗೆ ಕಳೆಯಬೇಕಾದ ವರ್ಷಗಳೂ ಹೆಚ್ಚಾದವು, ಎರಡೂ ಸರಿದೂಗಿ ಸರಾಸರಿ ಅಲ್ಲೇ ನಿಂತಿತು. ಬದಲಾವಣೆ ಸರಾಸರಿಯಲ್ಲಿ ಕಾಣದೆ ಬೇರೆಡೆ ಅಡಗಿತ್ತು. ಹಾಜ್ನಲ್ ಸರಾಸರಿಯನ್ನು `S50` ಜೊತೆಯಲ್ಲಿಲ್ಲದೆ ಒಂಟಿಯಾಗಿ ಮುದ್ರಿಸಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಕರಡು ವರದಿಯವರು ತಮ್ಮ ಬಳಿಯಿದ್ದ 3,360 ಉತ್ತರಗಳನ್ನು ಎಸೆಯಬೇಕಾಗಿಲ್ಲ. ಅವುಗಳಿಂದ ಮಧ್ಯಾಂಕವನ್ನು ತೆಗೆಯಬಹುದು, ಅಂದರೆ ಒಂದು ಗುಂಪಿನ ಎಲ್ಲ ಮಹಿಳೆಯರಲ್ಲಿ ಅರ್ಧದಷ್ಟು ಮಂದಿ ಮದುವೆಯಾಗಿ ಮುಗಿದ ವಯಸ್ಸನ್ನು. ಭಾಜಕದಲ್ಲಿ ಅವಿವಾಹಿತರೂ ಇರುವುದರಿಂದ ಕತ್ತರಿ ಇಲ್ಲಿ ಏನೂ ಮಾಡಲಾರದು, ಆದರೆ ಗುಂಪಿನ ಕನಿಷ್ಠ ವಯಸ್ಸಿಗೆ ಮೊದಲೇ ಅರ್ಧದಷ್ಟು ಮಂದಿ ಮದುವೆಯಾಗಿರಬೇಕು. ನಮ್ಮ ಮೊದಲ ಪಟ್ಟಿಯಲ್ಲಿ 25 ತುಂಬುವ ಮೊದಲೇ ಅರ್ಧಕ್ಕಿಂತ ಹೆಚ್ಚು ಮಂದಿ ಮದುವೆಯಾಗಿರುವುದರಿಂದ 25–29ರ ಗುಂಪಿಗೆ ಮಧ್ಯಾಂಕ ಹೇಳಬಹುದು, ಅದು ಸುಮಾರು 22.8 ವರ್ಷ. 20–24ರವರಲ್ಲಿ 20 ತುಂಬುವ ಮೊದಲು ಮದುವೆಯಾದವರು ಅರ್ಧಕ್ಕಿಂತ ಬಹಳ ಕಡಿಮೆ. ಡಿಎಚ್‌ಎಸ್ ವರದಿಗಳಲ್ಲಿ ಇಂಥ ಗುಂಪುಗಳ ಮಧ್ಯಾಂಕದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗದಲ್ಲಿ 19.2 ಎಂದು ತುಂಬಿದರೆ ಅದು ಇನ್ನೂ ಮದುವೆಯಾಗದ 468 ಮಂದಿಯನ್ನು ಮತ್ತೊಮ್ಮೆ ಲೆಕ್ಕದಿಂದ ಹೊರಗಟ್ಟಿದಂತೆ.

ತಿದ್ದಿದ ವರದಿಯ ಸಾಲು ಹೀಗಿರುತ್ತದೆ: ಮೊದಲ ಸಮೀಕ್ಷೆಯಲ್ಲಿ ಹಾಜ್ನಲ್ ವಿಧಾನದ ಪ್ರಕಾರ ಮಹಿಳೆಯರ ಪ್ರಥಮ ವಿವಾಹದ ಸರಾಸರಿ ವಯಸ್ಸು 23.2 ವರ್ಷ, 50ರ ಹೊತ್ತಿಗೆ ಮದುವೆಯಾಗದೆ ಉಳಿದವರು ಶೇಕಡಾ 3, 25–29ರವರ ಮಧ್ಯಾಂಕ 22.8 ವರ್ಷ, ಹತ್ತು ವರ್ಷಗಳ ನಂತರದ ಸಮೀಕ್ಷೆಯಲ್ಲಿ ಸರಾಸರಿ 24.8 ವರ್ಷ, ಆ ದಶಕದ ವಿವಾಹದ ರೀತಿ ಮುಂದುವರಿದರೆ ಮದುವೆಯಾಗದೆ ಉಳಿಯುವವರು ಶೇಕಡಾ 5.5.